ಅಪ್‌ಡೇಟ್: ಗರ್ಭಪಾತವಾದ ಮೇಲೆ ಹೆಂಡತಿಗೆ ಏನು ಹೇಳಲಿ ಎಂದು ಕೇಳಿದ್ದೆ

ಆಗ ಕೇಳಿದ್ದು: "ಮೂರನೇ ತಿಂಗಳಲ್ಲಿ ಗರ್ಭ ನಿಲ್ಲಲಿಲ್ಲ. ಹೆಂಡತಿ ಮಾತೇ ಆಡುತ್ತಿಲ್ಲ. ನಾವು ಕಲಬುರಗಿಯಲ್ಲಿದ್ದೇವೆ. ನಾನೇನು ಮಾಡಲಿ?"

ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಈಗ ಅವಳು ಸ್ವಲ್ಪ ಮಾತಾಡುತ್ತಾಳೆ.

ಅವಳನ್ನು ಒಳಗೊಳಗೇ ತಿನ್ನುತ್ತಿದ್ದದ್ದು ಒಂದೇ ಪ್ರಶ್ನೆ: "ನನ್ನಿಂದಲೇ ಹೀಗಾಯ್ತಾ?" ನೋಡಲು ಬಂದವರು "ಕೊಡ ಎತ್ತಿದ್ದೆಯಾ, ಪಪ್ಪಾಯಿ ತಿಂದಿದ್ದೆಯಾ" ಎಂದು ಕೇಳುತ್ತಿದ್ದರು. ಡಾಕ್ಟರನ್ನು ಇಬ್ಬರೂ ಕೂತು ಕೇಳಿದೆವು. ಮೊದಲ ಮೂರು ತಿಂಗಳಲ್ಲಿ ಹೀಗಾಗಲು ಹೆಚ್ಚಾಗಿ ಭ್ರೂಣದ ಕ್ರೋಮೋಸೋಮ್‌ಗಳಲ್ಲಿ ತಾನಾಗೇ ಆಗುವ ಏರುಪೇರೇ ಕಾರಣ, ದಿನದ ಮನೆಗೆಲಸ ಅಲ್ಲ ಎಂದರು. ಮನೆಗೆ ಬಂದು ಅದನ್ನೇ ಅತ್ತೆಯ ಮುಂದೆ, ದೊಡ್ಡಮ್ಮನ ಮುಂದೆ ನಾನೇ ಹೇಳಿದೆ. ಅವಳು ಕೇಳಿಸಿಕೊಂಡಳು. ಅವತ್ತು ರಾತ್ರಿ ಮೊದಲ ಸಲ ಜೋರಾಗಿ ಅತ್ತಳು. ನಾನು "ಅಳಬೇಡ" ಎನ್ನಲಿಲ್ಲ. "ನನಗೂ ಆ ಕೂಸು ಬೇಕಿತ್ತು" ಎಂದೆ, ಅಷ್ಟೇ.

"ಇನ್ನೊಂದು ಆಗುತ್ತೆ ಬಿಡು" ಎನ್ನುವವರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತೇನೆ. ಅವಳು ಕೇಳುತ್ತಿರುವುದು ಹೋದ ಕೂಸನ್ನು, ಅಲ್ವಾ? ಸಂಜೆ ಮಾಳಿಗೆ ಮೇಲೆ ಸುಮ್ನೆ ಪಕ್ಕದಲ್ಲಿ ಕೂರುತ್ತೇನೆ. "ಏನು ಬೇಕು" ಎಂದು ಕೇಳಿದರೆ "ಏನೂ ಬೇಡ" ಎನ್ನುತ್ತಾಳೆ. ಹಾಗಾಗಿ ಕೇಳದೇ ರೊಟ್ಟಿ, ಬ್ಯಾಳಿ ತಂದಿಡುತ್ತೇನೆ.

ಅವಳು ಖಾಸಗಿ ಕಂಪನಿಯಲ್ಲಿದ್ದಾಳೆ. ಹೆರಿಗೆ ಸೌಲಭ್ಯದ ಕಾನೂನಿನಲ್ಲಿ ಗರ್ಭಪಾತಕ್ಕೂ 6 ವಾರ ಸಂಬಳಸಹಿತ ರಜೆ ಇದೆ. ಡಾಕ್ಟರ್ ಚೀಟಿ ಕೊಟ್ಟು ಅರ್ಜಿ ಹಾಕಿದೆವು.

ಹೆರಿಗೆಗೆ ಕೊಟ್ಟಿದ್ದ ತಾರೀಖು ಇನ್ನೂ ಬರಬೇಕು. ಆ ದಿನ ನಾನೂ ರಜೆ ಹಾಕುತ್ತೇನೆ. ಅಷ್ಟರೊಳಗೆ ನಿದ್ದೆ, ಊಟ ಸರಿಹೋಗದಿದ್ದರೆ ಮನೋವೈದ್ಯರ ಹತ್ತಿರ ಹೋಗಲು ಅವಳೂ ಒಪ್ಪಿದ್ದಾಳೆ.