ಫೋನಿಗೆ ಹೇಳಿ ಬರೆಸಿದರೆ ನಮ್ಮ ಕಡೆ ಮಾತು ಯಾಕ ತಪ್ಪಾಗಿ ಬೀಳತೈತಿ?

ಪ್ರಶ್ನೆ (ಗಂಗಾವತಿ, ರೈಸ್ ಮಿಲ್ ಗುಮಾಸ್ತೆ): ಲಾರಿ, ಲೋಡಿನ ಮೆಸೇಜು ಮೈಕ್ ಒತ್ತಿ ಹೇಳಿ ಬರೆಸ್ತೀನಿ. ‘ಲಾರಿ ಬರಾಕತ್ತೈತಿ’ ಅಂದ್ರ ‘ಲಾರಿ ಬರ ಕಥೆ ಇದೆ’ ಅಂತ ಬೀಳತೈತಿ. ‘ಮಸೂರಿ’ ಅಂದ್ರ ‘ಮೈಸೂರು’. ಬಿಡಿಸಿ ಬಿಡಿಸಿ ಹೇಳಿದ್ರ ಇನ್ನೂ ಕೆಡತೈತಿ. ನನ್ನ ಉಚ್ಚಾರನ ಸರಿ ಇಲ್ಲೇನು?

ನಿವೃತ್ತ ಮೇಷ್ಟ್ರು, ಕೊಪ್ಪಳ: ನಾವು ಗಡಬಡಿ ಮಾತಾಡ್ತೀವಿ ತಂಗಿ, ಪದದ ಕೊನಿ ನುಂಗಿಬಿಡ್ತೀವಿ. ಜೋರಾಗಿ, ಒಂದೊಂದು ಅಕ್ಷರ ಒತ್ತಿ ಹೇಳು. ಬರತೈತಿ.

ಧ್ವನಿ ಗುರುತಿಸೋ ತಂತ್ರಾಂಶದಾಗ ಕೆಲಸ ಮಾಡೋರು, ಬಳ್ಳಾರಿ: ಕೊನಿ ನುಂಗತೀವಿ ಅನ್ನೋದು ಖರೆ ಮೇಷ್ಟ್ರೇ. ಆದ್ರ ಒತ್ತಿ ಹೇಳಿದ್ರ ಕೆಡತೈತಿ ಅಂತ ಅಕ್ಕಾರು ಆಗಲೇ ಕಂಡುಕೊಂಡಾರ. ಅದಕ್ಕ ಕಾರಣ ಐತಿ.

ತಂತ್ರಾಂಶ ಕಲಿತದ್ದು ಮಂದಿ ಸಹಜವಾಗಿ ಓದಿದ, ಆಡಿದ ಮಾತಿನಿಂದ. ಅಕ್ಷರ ಬಿಡಿಸಿದ ಮಾತು ಅದಕ್ಕ ಹೊಸದು. ಕನ್ನಡದಾಗ ಒಂದು ಸ್ವರ ಎಳೆದ್ರ ಪದಾನೇ ಬದಲಾಗತೈತಿ: ‘ಮರ’ ಎಳೆದು ಅಂದ್ರ ‘ಮಾರ’. ‘ಅಕ್ಕಿ’ಯೊಳಗಿನ ಒತ್ತಕ್ಷರ ಅಂದ್ರ ಅರೆಗಳಿಗೆ ಬಾಯಿ ಕಟ್ಟಿದ ಮೌನ. ಆ ಮೌನ ಉದ್ದ ಮಾಡಿದ್ರ ಪದ ಅಲ್ಲೇ ಮುಗೀತು ಅಂತ ತಂತ್ರಾಂಶ ತಿಳಕೊಳ್ಳತೈತಿ.

ಇನ್ನೊಂದು, ಅದು ಬರೀ ಸದ್ದು ಕೇಳಿ ಬರೆಯೋದಿಲ್ಲ. ಕೇಳಿದ ಸದ್ದಿಗೆ ಹೊಂದೋ ಪದಗಳೊಳಗ, ಅಕ್ಕಪಕ್ಕದ ಪದಕ್ಕ ಯಾವುದು ಕೂಡತೈತಿ ಅಂತ ನೋಡಿ ಆರಿಸತೈತಿ. ‘ಮಸೂರಿ’ ಒಂದನ್ನೇ ಅಂದ್ರಿ ಅನ್ರಿ, ಅದು ಕಲಿತ ಬರಹದಾಗ ‘ಮೈಸೂರು’ ಎಷ್ಟೋ ಪಾಲು ಹೆಚ್ಚು ಸಲ ಬಂದಿರತೈತಿ, ಅದೇ ಗೆಲ್ಲತೈತಿ. ‘ಸೋನಾ ಮಸೂರಿ ಅಕ್ಕಿ ಐವತ್ತು ಚೀಲ’ ಅಂತ ಒಂದೇ ಉಸಿರಿಗೆ ಹೇಳ್ರಿ. ಹಿಂದ ಸೋನಾ, ಮುಂದ ಅಕ್ಕಿ ಇದ್ರ ಮೈಸೂರಿಗೆ ಜಾಗ ಉಳಿಯಂಗಿಲ್ಲ. ಅದಕ್ಕ ಮೊದಲು ವಾಕ್ಯ ಮನಸ್ಸಿನಾಗ ಪೂರ್ತಿ ಮಾಡಿಕೊಳ್ರಿ, ಆಮೇಲೆ ಮೈಕ್ ಒತ್ರಿ.

‘ಬರಾಕತ್ತೈತಿ’ ಕತೆ ಬ್ಯಾರೆ. ಈ ರೂಪ ಪತ್ರಿಕೆ, ಪುಸ್ತಕದಾಗ ಅಪರೂಪ. ಸದ್ದು ಸರಿಯಾಗಿ ಕೇಳಿದ್ರೂ ತಂತ್ರಾಂಶ ತನಗ ಗೊತ್ತಿರೋ ತುಣುಕುಗಳನ್ನ ಜೋಡಿಸಿ ‘ಬರ ಕಥೆ ಇದೆ’ ಮಾಡತೈತಿ. ಇಲ್ಲಿ ಕ್ರಿಯಾಪದದ ಬಾಲ ಒಂದನ್ನ ಬದಲು ಮಾಡ್ರಿ: ‘ಲಾರಿ ಬರ್ತಾ ಇದೆ’. ನಿಮ್ಮ ರಾಗ, ವೇಗ ಹಂಗೇ ಇರಲಿ.

ತಪ್ಪು ಎಲ್ಲಿ ಐತಿ ಅಂತ ಗೊತ್ತಾಗಬೇಕಂದ್ರ, ಮಿಲ್ಲಿನ ಸದ್ದು ಇಲ್ಲದ ಕಡೆ ಕೂತು ಪೇಪರಿನ ನಾಲ್ಕು ಸಾಲು ನಿಮ್ಮ ರಾಗದಾಗ ಓದ್ರಿ. ಅದು ಸರಿ ಬಿದ್ರ ಉಚ್ಚಾರದ ತೊಂದ್ರಿ ಅಲ್ಲ, ಪದರೂಪದ್ದು. ಅದೂ ಕೆಟ್ರ ಮೈಕ್ ಇಲ್ಲಾ ಭಾಷೆಯ ಸೆಟ್ಟಿಂಗ್ ನೋಡ್ರಿ. ಬ್ಲೂಟೂತ್ ಹೆಡ್‌ಸೆಟ್ ಹಾಕಿದ್ರ ತೆಗೀರಿ. ಹಳೇವು ಕೆಲವು 4,000 ಹರ್ಟ್ಸ್ ಮೇಲಿನ ಸದ್ದು ಕಳಿಸಂಗಿಲ್ಲ, ‘ಸ’ಕಾರದ ಬಲ ಬಹಳಷ್ಟು ಅಲ್ಲೇ ಇರತೈತಿ.

ಕೋಚಿಂಗ್ ಸೆಂಟರಿನವರು, ರಾಯಚೂರು: ನಂದೂ ಇದೇ ಸರ್. ಇಂಗ್ಲಿಷಿನಾಗ ‘ಫೀಸ್’ ಅಂದ್ರ ‘ಪೀಸ್’ ಬರೀತೈತಿ. ಅಮೆರಿಕದವರ ಹಂಗ ಮಾತಾಡೋದು ಕಲೀಬೇಕೇನು?

ಬಳ್ಳಾರಿಯವರು: ಬ್ಯಾಡ್ರಿ. ಭಾಷೆ `English (US)` ಇದ್ರ `English (India)` ಮಾಡ್ರಿ. ಆಮೇಲೆ ‘ಫ’ ಒಂದಕ್ಕ ಮೇಲಿನ ಹಲ್ಲು ಕೆಳದುಟಿಗೆ ತಾಗಿಸಿ ಗಾಳಿ ಬಿಡ್ರಿ. ಎರಡೂ ತುಟಿ ಮುಚ್ಚಿದ್ರ ಅದು ‘ಪ’ನೇ. ಅಮೆರಿಕದಾಗೇ ಎಲ್ಲರ ಮಾತು ಒಂದೇ ಸಮ ತಿಳಿಯಂಗಿಲ್ಲ. ಐದು ದೊಡ್ಡ ಕಂಪನಿಗಳ ತಂತ್ರಾಂಶ ಪರೀಕ್ಷೆ ಮಾಡಿದ 2020ರ ಒಂದು ಅಧ್ಯಯನದಾಗ, ಬಿಳಿಯರ ಮಾತಿಗೆ ಸರಾಸರಿ ನೂರು ಪದಕ್ಕ 19 ತಪ್ಪು, ಕಪ್ಪು ವರ್ಣೀಯರ ಮಾತಿಗೆ 35.

ಡಿಟಿಪಿ ಅಂಗಡಿ, ಸಿಂಧನೂರು: ನುಡಿ ಫಾಂಟಿನಿಂದ ಯೂನಿಕೋಡಿಗೆ ಬದಲಿಸಿದ್ರ ಸರಿ ಆಗತೈತಲ್ರಿ?

ಬಳ್ಳಾರಿಯವರು: ಅದು ಟೈಪ್ ಮಾಡಿದ ಅಕ್ಷರಕ್ಕ ರೀ. ಇಲ್ಲಿ ಪದ ಆರಿಸೋದೇ ತಪ್ಪಾಗೇತಿ.

ಕಾಲೇಜು ವಿದ್ಯಾರ್ಥಿ, ಕುಷ್ಟಗಿ: ನಾವ್ಯಾಕ ‘ಬರ್ತಾ ಇದೆ’ ಅನ್ನಬೇಕು? ಕಲಿಯಬೇಕಾದ್ದು ಆ ತಂತ್ರಾಂಶ.

ಬಳ್ಳಾರಿಯವರು: ಒಪ್ಪತೀನಿ. ನಮ್ಮ ಮಾತಿನ ದನಿ ಸಂಗ್ರಹ ಆಗಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆ ಜಿಲ್ಲೆ ಜಿಲ್ಲೆಯ ಮಾತು ಕೂಡಿಸತಿರೋದು ಇದೇ ಕಾರಣಕ್ಕ. ಅಕ್ಕಾರ ಲಾರಿ ಮಾತ್ರ ಇವತ್ತೇ ಲೋಡ್ ಆಗಬೇಕಲ್ಲ.

ವಿದ್ಯಾರ್ಥಿ: ದಿನಾ ನಾವೇ ಬಾಗಿದ್ರ ಅದಕ್ಕ ನಮ್ಮ ಮಾತು ಯಾವಾಗ ಕಿವಿಗೆ ಬೀಳಬೇಕು ಸರ್?

ಗಂಗಾವತಿಯವರು: ಪೇಪರು ಓದಿದೆ ಸರ್, ಸರಿ ಬಿತ್ತು. ಸೋನಾ ಮಸೂರಿನೂ ಬಂತು. ಡ್ರೈವರ್ ಹೆಸರು, ಊರ ಹೆಸರು ಮಾತ್ರ ಇನ್ನೂ ತಪ್ಪತಾವ.

ಬಳ್ಳಾರಿಯವರು: ಹೆಸರಿಗೆ ಹಿಂದ ಮುಂದಿನ ಪದದ ಆಸರೆ ಕಮ್ಮಿ. ಅವನ್ನ ಕೈಲೆ ಟೈಪ್ ಮಾಡ್ರಿ. ಚೀಲದ ಲೆಕ್ಕಾನೂ ಕಳಿಸೋಕಿಂತ ಮೊದಲು ಒಮ್ಮೆ ಕಣ್ಣಾಡಿಸ್ರಿ.