ಏರೋಪ್ರೆಸ್ ಕಾಫಿಯ ‘ಬಾಡಿ’: ಗಟ್ಟಿ ಎನ್ನಬೇಕೋ, ಮಂದ ಎನ್ನಬೇಕೋ?

ನಮಸ್ಕಾರ. ಕೊಳವೆಯಲ್ಲಿ ಪುಡಿ ನೆನೆಸಿ ಪಿಸ್ಟನ್‌ನಿಂದ ಒತ್ತಿ ಕಾಫಿ ಇಳಿಸುವ ಏರೋಪ್ರೆಸ್ ಅನ್ನು ಇಲ್ಲಿ ಬಳ್ಳಾರಿಯಲ್ಲಿ ಹೊಸದಾಗಿ ಕೊಂಡ ಗೆಳೆಯರಿಗೆ ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ. 15 ಗ್ರಾಂ ಪುಡಿ, 200 ಮಿಲಿ ಬಿಸಿನೀರು, ಒಂದೂವರೆ ನಿಮಿಷ ನೆನೆಸಿ, ಅರ್ಧ ನಿಮಿಷ ನಿಧಾನವಾಗಿ ಒತ್ತಿ ಇಳಿಸುವುದು. ಅಲ್ಲಿಯವರೆಗೆ ತೊಂದರೆಯಿಲ್ಲ. ಕಾಫಿ ಬಾಯಲ್ಲಿ ಕೊಡುವ ತೂಕಕ್ಕೆ ಇಂಗ್ಲಿಷಿನಲ್ಲಿ ‘ಬಾಡಿ’ ಎನ್ನುತ್ತಾರಲ್ಲ, ಅದಕ್ಕೆ ‘ಗಟ್ಟಿ’ ಎಂದು ಬರೆದಿದ್ದೆ. ಅದನ್ನೋದಿದ ಒಬ್ಬರು ಕಾಫಿ ಗಟ್ಟಿಯಾಗಲೆಂದು ನಾಲ್ಕು ನಿಮಿಷ ಬಿಟ್ಟು, ಪಿಸ್ಟನ್ ಮೇಲೆ ಮೈಭಾರವೆಲ್ಲ ಹಾಕಿ ಒತ್ತಿದರು. ಬಂದದ್ದು ಕಹಿ, ಒಗರು; ಬಾಯಲ್ಲಿ ಮಾತ್ರ ತೆಳ್ಳಗೆ. ‘ಮಂದ’ ಎಂದರೆ ಸರಿಹೋದೀತೆ?

ರಾಯಚೂರಿನಿಂದ:
‘ಗಟ್ಟಿ’ಯೇ ಇರಲಿ. ಮಂದ ಎಂದರೆ ದೀಪವೂ ಮಂದ, ಬುದ್ಧಿಯೂ ಮಂದ. ತಪ್ಪು ಪದದ್ದಲ್ಲ, ವಿಧಾನದ್ದು. ಪಿಸ್ಟನ್ ಕೆಳಗೆ ಬರುವಂತೆ ಉಲ್ಟಾ ನಿಲ್ಲಿಸಿ ಮಾಡಿದರೆ ಒಂದು ಹನಿಯೂ ಮೊದಲೇ ಸೋರದು, ಕಾಫಿ ತಾನಾಗಿ ಗಟ್ಟಿ ಬರುತ್ತದೆ.

ಕೊಪ್ಪಳದಿಂದ:
ಪದ ಯಾವುದಾದರೂ ಇಡ್ರಿ, ನಮ್ಮನಿ ಚಿಕೋರಿ ಬೆರೆಸಿದ ಪುಡಿ ಹಾಕಿದ್ರ ಪಿಸ್ಟನ್ ಅರ್ಧಕ್ಕ ನಿಂತುಬಿಡ್ತದ. ಅದಕ್ಕೇನು ಮಾಡೂದು?

ಗಂಗಾವತಿಯಿಂದ:
ರಾಯಚೂರಿನವರ ಮಾತು ಅರ್ಧ ನಿಜ. ನೆಟ್ಟಗೆ ಇಟ್ಟಾಗ ಸ್ವಲ್ಪ ನೀರು ಪುಡಿಯಲ್ಲಿ ನೆನೆಯದೆಯೇ ಲೋಟಕ್ಕೆ ಇಳಿಯುತ್ತದೆ. ಆದರೆ ನೀರು ಹಾಕಿ ಕಲಕಿದ ಕೂಡಲೇ ಪಿಸ್ಟನ್ ಕೂರಿಸಿ ಒಂಚೂರು ಮೇಲಕ್ಕೆ ಎಳೆದರೆ ಒಳಗಿನ ಗಾಳಿಯ ಒತ್ತಡ ಕಡಿಮೆಯಾಗಿ ಸೋರುವುದು ಬಹುತೇಕ ನಿಲ್ಲುತ್ತದೆ. ಹೊಸಬರಿಗೆ ಅಷ್ಟೇ ಸಾಕು. ಉಲ್ಟಾ ವಿಧಾನದಲ್ಲಿ ಪಿಸ್ಟನ್ ಸಡಿಲವಿದ್ದರೆ, ಅಥವಾ ಮುಚ್ಚಳ ಸರಿಯಾಗಿ ತಿರುಗಿಸದಿದ್ದರೆ, ಮಗುಚುವಾಗ ಬಿಸಿನೀರೆಲ್ಲ ಕೈಮೇಲೆ.

ಇನ್ನು ‘ಬಾಡಿ’. ಅದು ಕಾಫಿಯ ಎಣ್ಣೆ ಮತ್ತು ನುಣ್ಣನೆಯ ಕಣಗಳು ಬಾಯಲ್ಲಿ ಕೊಡುವ ತೂಕ. ಕಾಗದದ ಫಿಲ್ಟರ್ ಇವೆರಡನ್ನೂ ಬಹುಮಟ್ಟಿಗೆ ತಡೆಯುತ್ತದೆ. ಹೆಚ್ಚು ಹೊತ್ತು ನೆನೆಸಿದರೆ ಪುಡಿಯ ಸಾರ ಇನ್ನಷ್ಟು ಬಿಡುತ್ತದೆ, ಸ್ವಲ್ಪ ತುಂಬಿಕೊಂಡಂತೆಯೂ ಅನ್ನಿಸೀತು. ಆದರೆ ಎರಡು ನಿಮಿಷ ದಾಟಿದ ಮೇಲೆ ನನಗೆ ಹೆಚ್ಚಾಗಿ ಸಿಕ್ಕಿದ್ದು ಕಹಿಯೇ. ಜೋರಾಗಿ ಒತ್ತಿದರೆ ನೀರು ಪುಡಿಯಲ್ಲಿ ಸುಲಭದ ದಾರಿ ಹುಡುಕಿಕೊಂಡು ನುಗ್ಗುತ್ತದೆ, ಸಾರ ಒಂದು ಕಡೆ ಅತಿಯಾಗಿ, ಇನ್ನೊಂದು ಕಡೆ ಕಡಿಮೆ ಇಳಿಯುತ್ತದೆ. ನಿಮ್ಮ ಗೆಳೆಯರಿಗಾದದ್ದು ಇದೇ. ಸಮಯ ಒಂದೂವರೆ ನಿಮಿಷವೇ ಇರಲಿ, ನೀರು 150 ಮಿಲಿಗೆ ಇಳಿಸಲಿ, ಬುಸ್ ಎಂಬ ಸದ್ದು ಬಂದೊಡನೆ ಒತ್ತುವುದು ನಿಲ್ಲಿಸಲಿ. ಆಮೇಲೂ ತೆಳು ಅನ್ನಿಸಿದರೆ ಲೋಹದ ಫಿಲ್ಟರ್ ಹಾಕಿ ನೋಡಲಿ.

ಕೊಪ್ಪಳದವರಿಗೆ: ಚಿಕೋರಿ ನೆನೆದರೆ ಮೆತ್ತಗಾಗಿ ಫಿಲ್ಟರ್‌ಗೆ ಅಂಟುತ್ತದೆ. ಅದು ಹಿತ್ತಾಳೆ ಫಿಲ್ಟರ್‌ಗೇ ಇರಲಿ. ಇದಕ್ಕೆ ಬರೀ ಕಾಫಿ, ಸಣ್ಣ ರವೆಯಷ್ಟು ತರಿಯಾಗಿ ಬೀಸಿಸಿ.

ಬಳ್ಳಾರಿಯಿಂದ:
ಹಾಗಾದರೆ ರುಚಿಯ ಜೋರಿಗೆ ‘ಕಡಕ್’, ಬಾಯಿಗೆ ಸಿಗುವ ತೂಕಕ್ಕೆ ‘ಮಂದ’ ಎಂದು ಬರೆಯುತ್ತೇನೆ. ಮಂದ ಮಜ್ಜಿಗೆ ಎನ್ನುವವರಿಗೆ ಅರ್ಥವಾದೀತು. ರಾಯಚೂರಿನವರು ಒಪ್ಪದಿದ್ದರೆ ಬೇರೆ ಪದ ಸೂಚಿಸಲಿ, ‘ಗಟ್ಟಿ’ ಒಂದನ್ನು ಬಿಟ್ಟು.