ಅಪ್‌ಡೇಟ್: ಹಜಾರದ ಫೋಟೊ ಕೊನೆಗೂ ಚಿತ್ರವಾಯಿತು

ನಾನು ಕೇಳಿದ್ದು: “ಹಜಾರದ ಫೋಟೊವನ್ನು ಮೂಡ್ ಬೋರ್ಡ್‌ಗಾಗಿ ಚಿತ್ರವಾಗಿಸಬೇಕು. ಉಯ್ಯಾಲೆ, ದಿವಾನ ಇದ್ದಲ್ಲೇ ಇರಬೇಕು, ಗುರುತೂ ಸಿಗಬೇಕು. ಹೇಗೆ?”

ಕೈಹಿಡಿದದ್ದು ಕ್ರಿತಾ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಫೋಟೊದ ಮೇಲೆಯೇ ಗೆರೆ ಎಳೆಯುವ ಸಲಹೆ. ಫೋಟೊ ಪದರದ Opacity ಶೇ 30ಕ್ಕೆ ಇಳಿಸಿ, ಹೊಸ ಪದರದಲ್ಲಿ ಮೊದಲು ನೆಲ, ಗೋಡೆಗಳ ಅಂಚು ಎಳೆದೆ. ಕಿಟಕಿ, ದಿವಾನದ ಗೆರೆಗಳು, ಅವನ್ನು ದೂರದ ಒಂದು ಬಿಂದುವಿನತ್ತ ಹಿಡಿದಿಡುವ Vanishing Point ಸಾಧನದ ಸಹಾಯದಿಂದ ಓರೆಯಾಗದೆ ನಿಂತವು. ಹೊರಗೆರೆ ದಪ್ಪ, ಒಳಗೆರೆ ತೆಳು. ಬಣ್ಣಗಳನ್ನು ಫೋಟೊದಿಂದಲೇ ಎತ್ತಿಕೊಂಡೆ.

ಕಾರ್ಟೂನ್ ಫಿಲ್ಟರ್ ಮಾತ್ರ ಫಲಿಸಲಿಲ್ಲ. ಕೆಂಪು ಗಾರೆ ನೆಲದ ಹೊಳಪನ್ನೂ ಅದು ಗೆರೆಯಾಗಿಸಿತು, ಉಯ್ಯಾಲೆಯ ಸರಪಳಿ ಬರೀ ಕಪ್ಪು ಪಟ್ಟಿಯಾಯಿತು.

ಅಚ್ಚರಿಯೆಂದರೆ, ಮೊಬೈಲಿನ ವೈಡ್ ಲೆನ್ಸ್ ಅಂಚಿನಲ್ಲಿದ್ದ ದಿವಾನವನ್ನು ಹಿಗ್ಗಿಸಿತ್ತು. ಬಾಗಿಲಿನಾಚೆ ನಿಂತು 1x ನಲ್ಲಿ ಮತ್ತೆ ತೆಗೆದ ಮೇಲೆಯೇ ಅದರ ಅಳತೆ ಸರಿಬಂದದ್ದು.